ಹದಿನೈದು ನಿಮಿಷಕ್ಕೊಂದು ಟಿಕ್

(ಪ್ರಾಥಮಿಕ ಶಾಲಾ ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನ ವಿಷಯ ಓದಿನ ಸವಾಲು, ಅಂದರೆ ಇಷ್ಟು ದಿನ ಓದಬೇಕು ಅಂತ ಮಕ್ಕಳಿಗೆ ಒಂದು ಗುರಿ ಇಟ್ಟು, ಓದಿದ್ದನ್ನು ಒಂದು ಕಾರ್ಡಿನಲ್ಲಿ ಗುರುತು ಹಾಕಿಸೋದು. ನನಗೆ ಕೊಟ್ಟಿರೋದು ಊಟಕ್ಕೆ ಮುಂಚಿನ ಅವಧಿ. ಅದರ ಕಷ್ಟ ನಿಮಗೂ ಗೊತ್ತು, ನನಗೂ ಗೊತ್ತು. ಹಾಗಾಗಿ ನೇರವಾಗಿ ಒಂದು ಲೆಕ್ಕದಿಂದ ಶುರು ಮಾಡುತ್ತೇನೆ.

ನಾಲ್ಕನೇ ತರಗತಿಯ ಇಬ್ಬರು ಮಕ್ಕಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಹುಡುಗಿ ನಿಮಿಷಕ್ಕೆ 60 ಪದ ಓದುತ್ತಾಳೆ. ಹುಡುಗ ಬೆರಳಿಟ್ಟುಕೊಂಡು, ಅಕ್ಷರ ಕೂಡಿಸಿಕೊಂಡು, ನಿಮಿಷಕ್ಕೆ 13-14 ಪದ ಓದುತ್ತಾನೆ. ಇಬ್ಬರನ್ನೂ ದಿನಕ್ಕೆ 15 ನಿಮಿಷ ಓದೋಕೆ ಕೂರಿಸಿದ್ದೀರಿ. ಅವಳದ್ದು ದಿನಕ್ಕೆ 900 ಪದ, ಇವನದ್ದು ಸುಮಾರು 200. ನಾಲ್ಕು ವಾರ, ವಾರಕ್ಕೆ ಆರು ದಿನ, ಒಟ್ಟು 24 ದಿನ. ಇಬ್ಬರ ಕೈಗೂ 600 ಪದದ ಕಥೆ ಪುಸ್ತಕಗಳನ್ನೇ ಕೊಟ್ಟರೆ ಅವಳು 36 ಪುಸ್ತಕ ಮುಗಿಸುತ್ತಾಳೆ. ಇವನು ಎಂಟು.

ಇಬ್ಬರೂ ಕೂತದ್ದು ಆರಾರು ಗಂಟೆಯೇ. ಬೆವರು ಸುರಿಸಿದ್ದು ಯಾರು ಅಂತ ಕೇಳಿದರೆ, ಎಂಟು ಓದಿದವನೇ. ಆದರೆ ನಾವು ಗೋಡೆ ಮೇಲೆ ಒಂದು ಪಟ್ಟಿ ಅಂಟಿಸಿ, ಹೆಸರಿನ ಮುಂದೆ ಪುಸ್ತಕಕ್ಕೊಂದು ನಕ್ಷತ್ರ ಹಾಕಿದೆವು ಅಂತ ಇಟ್ಟುಕೊಳ್ಳಿ. ಅವಳ ಸಾಲು ಗೋಡೆ ದಾಟಿ ಕಿಟಕಿಗೆ ಬಂದಿರುತ್ತದೆ. ಇವನ ಸಾಲನ್ನು ಹುಡುಕಬೇಕು. ಎರಡನೇ ವಾರಕ್ಕೇ ಇವನಿಗೆ ಓದೋ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರುತ್ತದೆ.

ನಾನು ಇವತ್ತು ಹೇಳಬೇಕು ಅಂದುಕೊಂಡಿರೋದು ಇಷ್ಟೇ. ಓದಿನ ಸವಾಲಿನಲ್ಲಿ ನಿಧಾನ ಓದುವ ಮಗುವಿಗೆ ಒತ್ತಡ ಬರೋದು ಟೀಚರ್ ಬೈಯೋದರಿಂದಲ್ಲ. ಎಷ್ಟೋ ಟೀಚರ್‌ಗಳು ಒಂದು ಮಾತೂ ಬೈಯೋದಿಲ್ಲ. ಒತ್ತಡ ಬರೋದು ಕಾರ್ಡಿನಲ್ಲಿ ಏನನ್ನು ಎಣಿಸುತ್ತೀವಿ ಅನ್ನೋದರಿಂದ. ಪುಸ್ತಕ ಎಣಿಸಿದರೂ ಪುಟ ಎಣಿಸಿದರೂ ಅದು ಓಟದ ಪಂದ್ಯ ಆಗೇ ಆಗುತ್ತದೆ. ಕೂತು ಓದಿದ್ದನ್ನು ಎಣಿಸಿದರೆ ಇಬ್ಬರಿಗೂ ದಿನಕ್ಕೆ ಒಂದೊಂದು ಟಿಕ್. ಅವಳಿಗೂ ಒಂದೇ, ಇವನಿಗೂ ಒಂದೇ.

ಬೇರೆ ಕಡೆ ಇದನ್ನು ಹೇಗೆ ಮಾಡುತ್ತಾರೆ ಅಂತ ಸ್ವಲ್ಪ ನೋಡೋಣ. ಬ್ರಿಟನ್ನಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ 1999ರಿಂದ ಬೇಸಿಗೆ ರಜೆಯ ಓದಿನ ಸವಾಲು ನಡೆಯುತ್ತಿದೆ. ರಜೆಯಲ್ಲಿ ಆರು ಪುಸ್ತಕ ಓದಬೇಕು ಅನ್ನೋದು ಅದರ ಜನಪ್ರಿಯ ರೂಪ. ಯಾವ ಪುಸ್ತಕ ಅನ್ನೋದು ಮಗುವಿಗೇ ಬಿಟ್ಟದ್ದು. ಕಾಮಿಕ್ಸ್ ಆದರೂ ನಡೆಯುತ್ತದೆ, ತೆಳು ಪುಸ್ತಕ ಆದರೂ ನಡೆಯುತ್ತದೆ. ಅಮೆರಿಕದಲ್ಲಿ ಎಂಬತ್ತರ ದಶಕದಲ್ಲಿ ಒಂದು ಪಿಜ್ಜಾ ಕಂಪನಿ ತಿಂಗಳ ಗುರಿ ಮುಟ್ಟಿದ ಮಗುವಿಗೆ ಪುಟ್ಟ ಪಿಜ್ಜಾ ಕೊಡೋ ಕಾರ್ಯಕ್ರಮ ಶುರು ಮಾಡಿತು. ಪಿಜ್ಜಾ ವಿಷಯ ಬಿಡಿ. ಅದರಲ್ಲಿ ನನಗೆ ಹಿಡಿಸಿದ ಒಂದು ಅಂಶ ಏನಂದ್ರೆ, ಪ್ರತಿ ಮಗುವಿನ ಗುರಿಯನ್ನು ಅದರ ಟೀಚರ್ ಬೇರೆ ಬೇರೆಯಾಗಿ ಇಡಬಹುದು. ನಮ್ಮ ದೇಶದಲ್ಲೇ 2022ರ ಜನವರಿ 1ರಿಂದ 14 ವಾರ 'ಪಢೇ ಭಾರತ್' ಅಂತ ನೂರು ದಿನದ ಓದಿನ ಆಂದೋಲನ ನಡೆಯಿತು. ನಿಮ್ಮಲ್ಲಿ ಸುಮಾರು ಜನ ಅದರಲ್ಲಿ ಕೆಲಸ ಮಾಡಿದ್ದೀರಿ.

ನೂರು ದಿನ ಅನ್ನೋದು ಒಂದು ಶಾಲೆ ತಾನಾಗಿ ಶುರು ಮಾಡೋ ಸವಾಲಿಗೆ ಜಾಸ್ತಿ ಅಂತ ನನ್ನ ಅಭಿಪ್ರಾಯ. ಮಧ್ಯೆ ಪ್ರತಿಭಾ ಕಾರಂಜಿ ಬರುತ್ತದೆ, ಕ್ರೀಡಾಕೂಟ ಬರುತ್ತದೆ, ಹಬ್ಬ ಬರುತ್ತದೆ. ಒಮ್ಮೆ ತಪ್ಪಿದ ಮಗು ಮತ್ತೆ ಸೇರಿಕೊಳ್ಳೋದಿಲ್ಲ. ನಾಲ್ಕು ವಾರ ಸಾಕು.

ಈಗ ಒಂದು ತರಗತಿಯನ್ನೇ ಇಟ್ಟುಕೊಂಡು ಪೂರ್ತಿ ನೋಡೋಣ. ನಾಲ್ಕನೇ ತರಗತಿ, 30 ಮಕ್ಕಳು.

ಶುರು ಮಾಡೋ ಮುಂಚೆ ಪ್ರತಿ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಎರಡು ಮೂರು ನಿಮಿಷ ಓದಿಸಿ. ಅಕ್ಷರ, ಪದ, ನಾಲ್ಕು ಸಾಲಿನ ಒಂದು ಪ್ಯಾರಾ, ಒಂದು ಪುಟ್ಟ ಕಥೆ. ಮಕ್ಕಳ ಓದು, ಲೆಕ್ಕ ಅಳೆಯೋ 'ಅಸರ್' ಸಮೀಕ್ಷೆಯಲ್ಲಿ ಬಳಸೋ ಹಾಳೆ ನಿಮಗೆಲ್ಲ ಪರಿಚಯ ಇದೆ, ಅದೇ ಮಾದರಿ ಸಾಕು. ನಮ್ಮ ಲೆಕ್ಕದ ತರಗತಿಯಲ್ಲಿ ನಾಲ್ಕು ಮಕ್ಕಳು ಅಕ್ಷರದ ಹಂತದಲ್ಲಿ, ಏಳು ಪದದ ಹಂತದಲ್ಲಿ, ಎಂಟು ಪ್ಯಾರಾದಲ್ಲಿ, ಹನ್ನೊಂದು ಕಥೆಯಲ್ಲಿ ಇದ್ದಾರೆ ಅಂತ ಇಟ್ಟುಕೊಳ್ಳೋಣ. ಇದನ್ನು ನಿಮ್ಮ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ. ಗೋಡೆಗೆ ಬೇಡ, ಮಕ್ಕಳ ಕಿವಿಗೂ ಬೇಡ. ಇದರಿಂದ ಆಗಬೇಕಾದ ಕೆಲಸ ಒಂದೇ, ಎಂಥ ಪುಸ್ತಕ ಎಷ್ಟು ತರಬೇಕು ಅಂತ ತಿಳಿಯೋದು.

30 ಮಕ್ಕಳಿಗೆ 90 ಪುಸ್ತಕ ಇದ್ದರೆ ನಾಲ್ಕು ವಾರ ಆರಾಮವಾಗಿ ನಡೆಯುತ್ತದೆ. ಅದರಲ್ಲಿ ಅರ್ಧದಷ್ಟು ತೀರ ಸುಲಭದವು ಇರಬೇಕು. ಪುಟಕ್ಕೆ ಒಂದೆರಡು ಸಾಲು, ಉಳಿದದ್ದೆಲ್ಲ ಚಿತ್ರ. ಶಾಲೆ ಬೀರುವಿನಲ್ಲಿ ಅಂಥವು ಸಿಗೋದು ಕಷ್ಟ. ಬೀರು ತೆಗೆದರೆ ಮಹಾಪುರುಷರ ಜೀವನ ಚರಿತ್ರೆಗಳೇ ಕಾಣುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳನ್ನು ನಾಲ್ಕು ಹಂತದಲ್ಲಿ ಇಟ್ಟಿದ್ದಾರೆ. ಮೊದಲ ಹಂತದ್ದು ಸುಮಾರು 250 ಪದದೊಳಗೆ, ಎರಡನೆಯದು 600ರೊಳಗೆ. ಇಳಿಸಿಕೊಳ್ಳೋದಕ್ಕೆ ದುಡ್ಡು ಕೊಡಬೇಕಿಲ್ಲ, ಪ್ರಿಂಟ್ ತೆಗೆಯೋದಕ್ಕೆ ಅನುಮತಿಯೂ ಇದೆ. ಹಾಳೆ ಮಡಿಸಿ ಮಧ್ಯೆ ಎರಡು ಪಿನ್ ಹೊಡೆದರೆ ಪುಸ್ತಕ.

ಸುಲಭದ ಪುಸ್ತಕಕ್ಕೆ 'ಚಿಕ್ಕ ಮಕ್ಕಳ ಬುಟ್ಟಿ' ಅಂತ ಬೇರೆ ಬುಟ್ಟಿ ಮಾಡಬೇಡಿ. ಎಲ್ಲವನ್ನೂ ಕಲೆಸಿ ಮೂರು ಬುಟ್ಟಿಗೆ ಹಾಕಿ. ಮೊದಲ ವಾರ ಎಲ್ಲರೂ ತೆಳು ಪುಸ್ತಕಗಳನ್ನೇ ಓದಬೇಕು ಅಂತ ಮಾಡಿ, ಚುರುಕಾಗಿ ಓದೋರೂ ಸೇರಿ. ಕಥೆ ಹಂತದ ಹುಡುಗಿ ಎಂಟು ಪುಟದ ಚಿತ್ರ ಪುಸ್ತಕ ಹಿಡಿದು ನಗುತ್ತಾ ಕೂತಿದ್ದನ್ನು ನೋಡಿದ ಮೇಲೆ ಅದೇ ಪುಸ್ತಕವನ್ನು ಅಕ್ಷರದ ಹಂತದ ಹುಡುಗ ಕೈಗೆ ತಗೊಳ್ಳೋಕೆ ನಾಚಿಕೆ ಪಡೋದಿಲ್ಲ. ಮಕ್ಕಳಿಗೆ ಯಾರ ಕೈಯಲ್ಲಿ ಯಾವ ಪುಸ್ತಕ ಇದೆ ಅನ್ನೋದು ನಮಗಿಂತ ಚೆನ್ನಾಗಿ ಕಾಣುತ್ತದೆ.

ಇನ್ನು ಸಮಯ. ಓದು ಶಾಲೆಯೊಳಗೇ ಆಗಬೇಕು. ಮನೆಯಲ್ಲಿ ಓದಿ, ಅಪ್ಪ-ಅಮ್ಮನ ಸಹಿ ತನ್ನಿ ಅಂದರೆ ನಾವು ಅಳೆಯೋದು ಮಗುವಿನ ಓದನ್ನಲ್ಲ, ಮನೆಯನ್ನು. ಒಂದು ಮನೆಯಲ್ಲಿ ಮೇಜು, ಲೈಟು, ಬಿಡುವಾಗಿರೋ ಅಮ್ಮ. ಇನ್ನೊಂದರಲ್ಲಿ ತಮ್ಮನನ್ನು ಎತ್ತಿಕೊಳ್ಳೋ ಕೆಲಸವೇ ಆ ಮಗುವಿನದ್ದು. ಸಹಿ ಕೇಳಿದರೆ ಮೂರನೇ ದಿನಕ್ಕೆ ಅಕ್ಕನೇ ಅಪ್ಪನ ಸಹಿ ಹಾಕೋದನ್ನು ಕಲಿತಿರುತ್ತಾಳೆ. ಬೆಳಿಗ್ಗೆ ಹಾಲು ಕುಡಿದ ಮೇಲೆ 15 ನಿಮಿಷ ಅಂತ ಇಟ್ಟುಕೊಂಡರೆ ಒಳ್ಳೇದು. ಊಟ ಆದ ಮೇಲೆ ಬೇಡ, ಅರ್ಧ ತರಗತಿ ತೂಕಡಿಸುತ್ತದೆ, ಟೀಚರೂ ಸೇರಿ. ಶನಿವಾರ ಮನೆಗೆ ಬಿಡೋ ಮುಂಚಿನ 15 ನಿಮಿಷ.

ಈಗ ಕಾರ್ಡು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕಂದ್ರೆ ಹಾಳಾಗೋದೆಲ್ಲ ಇಲ್ಲೇ.

ಸಾಮಾನ್ಯವಾಗಿ ನಾವು ಮಾಡೋ ಕಾರ್ಡಿನಲ್ಲಿ ದಿನಾಂಕ, ಪುಸ್ತಕದ ಹೆಸರು, ಲೇಖಕರ ಹೆಸರು, ಓದಿದ ಪುಟ, ಕಥೆಯ ಸಾರಾಂಶ ಎಲ್ಲ ಇರುತ್ತದೆ. ನೋಡೋಕೆ ಚೆನ್ನಾಗಿರುತ್ತದೆ. ಪದದ ಹಂತದಲ್ಲಿರೋ ಮಗು ಅದನ್ನು ಹೇಗೆ ತುಂಬುತ್ತದೆ ಅಂತ ಒಂದು ಸಲ ಪಕ್ಕದಲ್ಲಿ ಕೂತು ನೋಡಿ. ರಕ್ಷಾಪುಟ ತೆಗೆದು ಒಂದು ಅಕ್ಷರ ನೋಡುತ್ತದೆ, ಬರೆಯುತ್ತದೆ. ಮತ್ತೆ ನೋಡುತ್ತದೆ, ಮತ್ತೆ ಬರೆಯುತ್ತದೆ. ಒತ್ತು ಬಂದ ಕಡೆ ರಬ್ಬರ್ ಹಾಕುತ್ತದೆ, ಹಾಳೆ ತೂತು ಬೀಳುತ್ತದೆ. ಹೆಸರು, ಲೇಖಕರು ಎರಡೂ ಬರೆಯೋ ಹೊತ್ತಿಗೆ 15 ನಿಮಿಷದಲ್ಲಿ ಏಳೆಂಟು ನಿಮಿಷ ಹೋಗಿರುತ್ತದೆ. ಓದೋಕೆ ಅಂತ ಇಟ್ಟ ಸಮಯ ಬರೆಯೋಕೆ ಹೋಯಿತು, ಅದೂ ಯಾರಿಗೆ ಸಮಯ ಜಾಸ್ತಿ ಬೇಕಿತ್ತೋ ಅವರದ್ದೇ.

ಹಾಗಾಗಿ ಪ್ರತಿ ಪುಸ್ತಕದ ಬೆನ್ನಿಗೆ ಒಂದು ನಂಬರ್ ಅಂಟಿಸಿ, 1ರಿಂದ 90ರವರೆಗೆ. ಕಷ್ಟ-ಸುಲಭದ ಪ್ರಕಾರ ನಂಬರ್ ಹಾಕಬೇಡಿ, ಹೇಗೆ ಸಿಕ್ಕಿತೋ ಹಾಗೆ ಹಾಕಿ. ಇಲ್ಲದಿದ್ದರೆ 'ನಾನು 80ರಲ್ಲಿದ್ದೀನಿ, ನೀನಿನ್ನೂ 12' ಅಂತ ಶುರುವಾಗುತ್ತದೆ. ಕಾರ್ಡಿನಲ್ಲಿ ಮಗು ಬರೆಯೋದು ಆ ನಂಬರ್ ಮಾತ್ರ. ಒಂದು ಎ4 ಹಾಳೆಯನ್ನು ಅಡ್ಡ ಮಡಿಸಿದರೆ 24 ಸಾಲು ಹಿಡಿಯುತ್ತದೆ. ಸಾಲಿಗೆ ನಾಲ್ಕು ಮನೆ. ದಿನ, ಪುಸ್ತಕದ ನಂಬರ್, ಯಾರ ಜೊತೆ ಓದಿದೆ, ಹೇಗಿತ್ತು. 'ಹೇಗಿತ್ತು' ಅನ್ನೋದಕ್ಕೆ ಒಂದು ಪುಟ್ಟ ಮುಖ ಬರೆಯೋದು, ನಗು ಮುಖ ಅಥವಾ ಸಪ್ಪೆ ಮುಖ. ಸಾರಾಂಶ ಬೇಡ, ನೀತಿ ಬೇಡ. ಕಥೆ ಓದಿದ ತಕ್ಷಣ 'ಇದರಿಂದ ಏನು ತಿಳಿಯಿತು' ಅಂತ ಕೇಳೋ ಅಭ್ಯಾಸ ನಮ್ಮಲ್ಲಿ ಬಹಳ ಹಳೇದು. ನಾಲ್ಕು ವಾರಕ್ಕಾದರೂ ಅದಕ್ಕೆ ರಜೆ ಕೊಡಿ.

ಎಷ್ಟು ಓದಿದರೂ ಟಿಕ್ ಒಂದೇ. ಅದೇ ಪುಸ್ತಕ ಮತ್ತೆ ಓದಿದರೂ ಟಿಕ್. ಇಷ್ಟವಾಗದೆ ಅರ್ಧಕ್ಕೆ ಬಿಟ್ಟು ಬೇರೆ ತಗೊಂಡರೂ ಟಿಕ್. ಗೆಳೆಯ ಓದಿದ್ದನ್ನು ಪಕ್ಕದಲ್ಲಿ ಕೂತು, ಪುಟ ನೋಡುತ್ತಾ ಕೇಳಿದರೂ ಟಿಕ್. ಈ ಕೊನೆಯದನ್ನು ಹೇಳಿದಾಗ ಸುಮಾರು ಜನ ಹುಬ್ಬು ಏರಿಸುತ್ತಾರೆ. ಅಕ್ಷರದ ಹಂತದಲ್ಲಿರೋ ನಾಲ್ಕು ಮಕ್ಕಳಿಗೆ ಬೇರೆ ದಾರಿ ಏನಿದೆ ಹೇಳಿ. ಅವರು ಸುಮ್ನೆ ಪುಸ್ತಕ ಹಿಡಿದು ಓದುವ ನಾಟಕ ಮಾಡೋದಕ್ಕಿಂತ ಇದು ಎಷ್ಟೋ ವಾಸಿ ಅಲ್ವಾ.

ಒಂದು ಕಾರ್ಡು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಸೋಮವಾರ, 27, ಒಬ್ಬನೇ, ಸಪ್ಪೆ ಮುಖ. ಮಂಗಳವಾರ, 27, ಗೆಳೆಯನ ಜೊತೆ, ನಗು. ಬುಧವಾರ, 27, ಒಬ್ಬನೇ, ನಗು. ಗುರುವಾರ ಮತ್ತೆ 27, ಯಾರ ಜೊತೆ ಅನ್ನೋ ಕಡೆ 'ತಂಗಿ'. ಒಂದೇ ಪುಸ್ತಕಕ್ಕೆ ಅಂಟಿಕೊಂಡಿದ್ದಾನಲ್ಲ, ಬೇರೆ ಕೊಡೋಣ ಅಂತ ನಮಗೆ ಕೈ ತುರಿಸುತ್ತದೆ. ಆದರೆ ಈ ನಾಲ್ಕು ಸಾಲಿನಲ್ಲಿ ಏನಾಗಿದೆ ನೋಡಿ. ಮೊದಲ ದಿನ ತಾನೇ ಓದಿ ಸೋತ. ಎರಡನೇ ದಿನ ಕೇಳಿ ಕಥೆ ತಿಳಿದುಕೊಂಡ. ಮೂರನೇ ದಿನ ಕಥೆ ಗೊತ್ತಿದ್ದದ್ದರಿಂದ ಅಕ್ಷರ ಸಲೀಸಾಯಿತು. ನಾಲ್ಕನೇ ದಿನ ಒಂದನೇ ತರಗತಿಯ ತಂಗಿಗೆ ಓದಿ ಹೇಳೋ ಧೈರ್ಯ ಬಂತು. ಪುಸ್ತಕ ಎಣಿಸೋ ಕಾರ್ಡಿನಲ್ಲಿ ಇದು ನಾಲ್ಕು ದಿನಕ್ಕೆ 'ಒಂದು' ಅಂತ ಮಾತ್ರ ಕಾಣುತ್ತಿತ್ತು.

ಮತ್ತೆ ಓದೋದಕ್ಕೆ ನಾನು ಇಷ್ಟು ಒತ್ತು ಕೊಡೋದು ಕನ್ನಡದ ಕಾರಣಕ್ಕೆ. ನಮ್ಮ ಮಕ್ಕಳು ಕಲಿಯಬೇಕಾದದ್ದು ವರ್ಣಮಾಲೆಯ 49 ಅಕ್ಷರ ಮಾತ್ರ ಅಲ್ಲ, ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಇಂಗ್ಲಿಷಿನ 26 ಅಕ್ಷರಗಳಿಗೆ ಹಿಡಿಯೋ ಕಾಲಕ್ಕಿಂತ ಕನ್ನಡದ ಅಕ್ಷರಗಳ ಕಲಿಕೆಗೆ ಬಹಳ ಜಾಸ್ತಿ ಕಾಲ ಬೇಕು, ನಾಲ್ಕನೇ ತರಗತಿಯವರೆಗೂ ಅದು ಮುಂದುವರಿಯುತ್ತದೆ ಅನ್ನೋದು ಅದರಿಂದ ಕಂಡ ವಿಷಯ. ಅಂದರೆ ನಾಲ್ಕನೇ ತರಗತಿಯಲ್ಲಿ ಒತ್ತಕ್ಷರಕ್ಕೆ ತಡವರಿಸೋ ಮಗು ದಡ್ಡ ಅಲ್ಲ, ಇನ್ನೂ ದಾರಿಯಲ್ಲಿದೆ. ಜೊತೆಗೆ ನಮ್ಮ ಪದಗಳ ಉದ್ದ. 'ಓಡಿಹೋಗುತ್ತಿದ್ದನಂತೆ' ಅನ್ನೋದು ಒಂದು ಪದ, ಎಂಟು ಅಕ್ಷರ, ಎರಡು ಒತ್ತು. ಒಂದೊಂದೇ ಅಕ್ಷರ ಬಿಡಿಸಿಕೊಂಡು ಹೋಗೋ ಮಗು 'ನಂತೆ'ಗೆ ಬರೋ ಹೊತ್ತಿಗೆ 'ಓಡಿ' ಮರೆತಿರುತ್ತದೆ. ಅದೇ ಸಾಲನ್ನು ಮೂರನೇ ಸಲ ಓದುವಾಗ ಪದ ಇಡಿಯಾಗಿ ಕಣ್ಣಿಗೆ ಬೀಳುತ್ತದೆ. ಹೊಸ ಪುಸ್ತಕ ಕೊಟ್ಟು ಓಡಿಸಿದರೆ ಆ ಮೂರನೇ ಸಲ ಅನ್ನೋದು ಬರೋದೇ ಇಲ್ಲ.

ಗುರಿ ಎಷ್ಟಿರಬೇಕು? 24 ದಿನದಲ್ಲಿ 16 ಟಿಕ್. 24ಕ್ಕೆ 24 ಅಂತ ಇಟ್ಟರೆ ಜ್ವರ ಬಂದ ಮಗು, ಊರ ಜಾತ್ರೆಗೆ ಹೋದ ಮಗು ಮೊದಲ ವಾರವೇ ಆಟದಿಂದ ಹೊರಗೆ. ಎಂಟು ದಿನದ ಸಡಿಲ ಇದ್ದರೆ ಯಾರೂ ಹೊರಗೆ ಹೋಗೋದಿಲ್ಲ. ಅದಕ್ಕಿಂತ ಜಾಸ್ತಿ ದಿನ ತಪ್ಪಿಸಿಕೊಂಡ ಮಗುವಿಗೆ ಬೆಳಿಗ್ಗೆ ಬೇಗ ಬಂದಾಗ ಒಂದು 15 ನಿಮಿಷ ಕೂರೋಕೆ ಬಿಡಿ, ಬಾಕಿ ಟಿಕ್ ತುಂಬಿಕೊಳ್ಳಲಿ.

ಕಾರ್ಡುಗಳನ್ನು ಒಂದು ಡಬ್ಬದಲ್ಲಿಡಿ, ಗೋಡೆಗೆ ಬೇಡ. ಗೋಡೆಗೆ ಏನಾದರೂ ಬೇಕೇ ಬೇಕು ಅಂದರೆ ಒಂದು ಮರ ಬರೆದು, ಯಾರೇ ಟಿಕ್ ಹಾಕಿಕೊಂಡರೂ ಒಂದು ಕಾಗದದ ಎಲೆ ಅಂಟಿಸಲಿ. ಎಲೆ ಮೇಲೆ ಹೆಸರು ಬೇಡ. 30 ಮಕ್ಕಳಿಗೆ 16ರಂತೆ 480 ಎಲೆ ಆಗುತ್ತದೆ, ನೀವು 400 ಅಂತ ಗುರಿ ಹೇಳಿ. ಒಟ್ಟು ಗುರಿಯಲ್ಲೂ ಒಂದು ಅಪಾಯ ಇದೆ. ಗುರಿ ಬಿಗಿಯಾಗಿದ್ದರೆ 'ನಿನ್ನಿಂದಲೇ ಕಮ್ಮಿ ಆಯ್ತು' ಅಂತ ಮಕ್ಕಳೇ ಒಬ್ಬರ ಮೇಲೆ ಬೀಳುತ್ತಾರೆ. ಸಡಿಲ ಇಟ್ಟಿದ್ದರೆ ನಾಲ್ಕನೇ ವಾರದ ಮಧ್ಯಕ್ಕೇ ಮರ ತುಂಬುತ್ತದೆ, ಯಾರ ಎಲೆ ಯಾವುದು ಅಂತ ಯಾರಿಗೂ ಗೊತ್ತಿರೋದಿಲ್ಲ.

ಬಹುಮಾನಕ್ಕೆ ಬರೋಣ. ಬಹುಮಾನ ಕೊಡಲೇಬಾರದು ಅನ್ನೋರು ಇದ್ದಾರೆ. ಅವರು ಸಾಮಾನ್ಯವಾಗಿ ತೋರಿಸೋದು 1973ರ ಒಂದು ಪ್ರಯೋಗವನ್ನು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರ್ಸರಿಯಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋ ಮೂವರು ಮಾಡಿದ್ದು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸೋದನ್ನು ಮೊದಲೇ ಇಷ್ಟಪಡುತ್ತಿದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ 'ಬಿಡಿಸಿದರೆ ಬಹುಮಾನ ಪತ್ರ ಕೊಡುತ್ತೀವಿ' ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ, ಬಿಡಿಸಿದ ಮೇಲೆ ಕೊಟ್ಟರು. ಇನ್ನು ಕೆಲವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ತರಗತಿಯಲ್ಲಿ ಅದೇ ಪೆನ್ನುಗಳನ್ನು ಸುಮ್ನೆ ಇಟ್ಟು ನೋಡಿದರು. ಮೊದಲೇ ಆಸೆ ತೋರಿಸಿದ್ದ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರಿಗಿಂತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಹೇಳದೆ ಬಹುಮಾನ ಪಡೆದವರಲ್ಲಿ ಹಾಗೆ ಆಗಿರಲಿಲ್ಲ.

ಇದನ್ನು ಸರಿಯಾಗಿ ಓದಬೇಕು. ಆ ಮಕ್ಕಳು ಮೊದಲೇ ಇಷ್ಟಪಡುತ್ತಿದ್ದವರು. ನಮ್ಮ ತರಗತಿಯಲ್ಲಿ ಅಂಥವರು ಕಥೆ ಹಂತದ ಹನ್ನೊಂದು ಮಕ್ಕಳು. ದೊಡ್ಡ ಬಹುಮಾನದಿಂದ ಕೆಡೋದು ಅವರ ಓದೇ. ಅಕ್ಷರ ಮತ್ತು ಪದದ ಹಂತದಲ್ಲಿದ್ದು, ಓದು ಅಂದ್ರೆ ಕಷ್ಟ ಅಂತಲೇ ಗೊತ್ತಿರೋ ಇನ್ನೊಂದು ಹನ್ನೊಂದು ಮಕ್ಕಳಿಗೆ ಕೆಡಿಸಿಕೊಳ್ಳೋಕೆ ಇಷ್ಟ ಅನ್ನೋದೇ ಇನ್ನೂ ಹುಟ್ಟಿಲ್ಲ. ಒಂದು ಪುಟ್ಟ ಆಸೆ ಅವರನ್ನು ಪುಸ್ತಕದ ಹತ್ತಿರ ತಂದು ಕೂರಿಸಬಹುದು. ಅಂದರೆ ಬಹುಮಾನ ಇರಲಿ, ಆದರೆ ಅದಕ್ಕಾಗಿಯೇ ಯಾರೂ ಓದೋಷ್ಟು ದೊಡ್ಡದಾಗಿರಬಾರದು.

ಬಹುಮಾನ ಯಾವುದು ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಬಾರ್ಬರಾ ಮ್ಯಾರಿನಾಕ್, ಲಿಂಡಾ ಗ್ಯಾಂಬ್ರೆಲ್ ಅನ್ನೋರು 2008ರಲ್ಲಿ ಮೂರನೇ ತರಗತಿ ಮಕ್ಕಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಓದಿದ್ದಕ್ಕೆ ಪುಸ್ತಕವನ್ನೇ ಬಹುಮಾನ ಪಡೆದವರು, ಏನೂ ಪಡೆಯದವರು ಇಬ್ಬರೂ ಆಮೇಲೂ ಓದೋಕೆ ಮನಸ್ಸು ಮಾಡಿದರು. ಆಟಿಕೆಯಂಥ ಸಣ್ಣ ವಸ್ತು ಪಡೆದವರಲ್ಲಿ ಆ ಮನಸ್ಸು ಕಮ್ಮಿ ಇತ್ತು. ಹಾಗಾಗಿ ಕಂಪಾಸ್ ಬಾಕ್ಸು, ಟಿಫಿನ್ ಡಬ್ಬಿ, ಚಾಕೊಲೇಟು ಬೇಡ. ಓದಿಗೆ ಹತ್ತಿರ ಇರೋದನ್ನು ಕೊಡಿ.

ನಾಲ್ಕನೇ ಟಿಕ್‌ಗೆ ಒಂದು ಬುಕ್‌ಮಾರ್ಕ್. ಹಳೇ ಲಗ್ನಪತ್ರಿಕೆಗಳನ್ನು ಉದ್ದಕ್ಕೆ ಕತ್ತರಿಸಿ, ಮೇಲೆ ಪಂಚ್ ಹೊಡೆದು ಉಲ್ಲನ್ ದಾರ ಕಟ್ಟಿದರೆ ಆಯಿತು. ಪ್ರತಿ ಮನೆಯಲ್ಲೂ ಲಗ್ನಪತ್ರಿಕೆ ಇರುತ್ತದೆ, ಖರ್ಚೇ ಇಲ್ಲ. ನಾಲ್ಕು ಟಿಕ್ ಅಂದರೆ ಮೊದಲ ವಾರದಲ್ಲೇ ಎಲ್ಲರ ಕೈಗೂ ಬರುತ್ತದೆ. ನಿಧಾನ ಓದೋ ಮಗುವಿಗೆ ಈ ಮೊದಲನೆಯದು ಬೇಗ ಸಿಗೋದು ಬಹಳ ಮುಖ್ಯ. ಹತ್ತನೇ ಟಿಕ್‌ಗೆ ಒಂದು ಅಧಿಕಾರ ಕೊಡಿ. ನಾಳೆ ಟೀಚರ್ ಜೋರಾಗಿ ಓದಬೇಕಾದ ಕಥೆಯನ್ನು ಆ ಮಗು ಆರಿಸಲಿ. ಇದಕ್ಕೆ ಮಕ್ಕಳು ಪಡೋ ಸಂಭ್ರಮ ನೋಡಬೇಕು. ಹದಿನಾರಕ್ಕೆ ಶಾಲೆಯ ಒಂದು ಪುಸ್ತಕದ ಒಳರಕ್ಷಾಪುಟದಲ್ಲಿ 'ಇದು ನನಗೆ ಇಷ್ಟವಾದ ಪುಸ್ತಕ' ಅಂತ ತನ್ನ ಹೆಸರು ಬರೆದು ಅಂಟಿಸೋ ಚೀಟಿ. ಮುಂದಿನ ವರ್ಷ ಬರೋ ಮಕ್ಕಳು ಆ ಹೆಸರು ನೋಡುತ್ತಾರೆ. ಹದಿನಾರು ದಾಟಿದ ಮೇಲೆ ಏನೂ ಇಲ್ಲ. 24 ಮಾಡಿದರೂ ಅಷ್ಟೇ. ಮೊದಲು, ಎರಡು, ಮೂರು ಅನ್ನೋ ಸ್ಥಾನವಂತೂ ಬೇಡವೇ ಬೇಡ.

ಕೆಡುತ್ತಿದೆ ಅನ್ನೋದು ಹೇಗೆ ಗೊತ್ತಾಗುತ್ತದೆ? ದಿನಕ್ಕೆ ಐದು ಕಾರ್ಡು ನೋಡಿ, ಆರು ದಿನಕ್ಕೆ 30 ಮುಗಿಯುತ್ತದೆ. ಒಂದು ಕಾರ್ಡಿಗೆ ಒಂದು ನಿಮಿಷ ಸಾಕು. ಇಡೀ ವಾರದ ಸಾಲುಗಳು ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಇದ್ದರೆ ಶನಿವಾರ ಕೂತು ತುಂಬಿದ್ದು ಅಂತ ಅರ್ಥ. ಬೈಯಬೇಡಿ. ಮಕ್ಕಳು ಸುಳ್ಳು ತುಂಬುತ್ತಿದ್ದಾರೆ ಅಂದರೆ ಬಹುಮಾನ ಓದಿಗಿಂತ ದೊಡ್ಡದಾಗಿದೆ ಅಂತ ಲೆಕ್ಕ, ಅದನ್ನು ಚಿಕ್ಕದು ಮಾಡಿ. ದಪ್ಪ ಪುಸ್ತಕ ಹಿಡಿದು ವಾರಗಟ್ಟಲೆ ಓಡಾಡೋ ಮಗು ಸಿಗುತ್ತದೆ. ಅದರ ಬುಕ್‌ಮಾರ್ಕ್ ಯಾವ ಪುಟದಲ್ಲಿದೆ ನೋಡಿ. ಮೂರು ದಿನವಾದರೂ ಅಲ್ಲೇ ಇದ್ದರೆ ಅದಕ್ಕೆ ತೆಳು ಪುಸ್ತಕ ಹಿಡಿಯೋದಕ್ಕೆ ಸಂಕೋಚ. ಆ ಮಗುವಿಗೆ 'ಒಂದನೇ ಕ್ಲಾಸಿಗೆ ನಾಳೆ ಒಂದು ಕಥೆ ಓದಿ ಹೇಳಬೇಕು, ಒಂದು ಪುಟ್ಟ ಪುಸ್ತಕ ಆರಿಸಿ ಅಭ್ಯಾಸ ಮಾಡು' ಅಂತ ಹೇಳಿ. ತೆಳು ಪುಸ್ತಕ ಹಿಡಿಯೋಕೆ ಒಂದು ಗೌರವದ ಕಾರಣ ಸಿಕ್ಕಿತು.

ಮೂರು ದಿನ ಸತತವಾಗಿ ಸಪ್ಪೆ ಮುಖ ಇದ್ದರೆ ಆ ಮಗುವಿನ ಪಕ್ಕ ಹೋಗಿ ಕೂತುಕೊಳ್ಳಿ. ಪ್ರಶ್ನೆ ಕೇಳಬೇಡಿ. ಇಬ್ಬರೂ ಒಟ್ಟಿಗೆ ದನಿ ಎತ್ತಿ ಓದಿ, ಮಗುವಿನ ವೇಗದಲ್ಲಿ. ತಾನೊಬ್ಬನೇ ಓದಬೇಕು ಅನ್ನಿಸಿದಾಗ ಮಗು ನಿಮ್ಮ ಕೈ ತಟ್ಟಲಿ, ನೀವು ಸುಮ್ಮನಾಗಿ. ತೊಡರಿದಾಗ ಪದ ಹೇಳಿಕೊಟ್ಟು ಮತ್ತೆ ಜೊತೆಗೂಡಿ. ಐದು ನಿಮಿಷ ಇದನ್ನು ಮಾಡಿದರೆ ದಿನಕ್ಕೆ ಮೂರು ಮಕ್ಕಳನ್ನು ನೋಡಬಹುದು.

ಇದರ ಮಿತಿಯನ್ನೂ ಹೇಳಿಬಿಡುತ್ತೇನೆ. ಓದಿನ ಸವಾಲು ಓದು ಕಲಿಸೋದಿಲ್ಲ. ಅಕ್ಷರದ ಹಂತದಲ್ಲಿರೋ ನಾಲ್ಕು ಮಕ್ಕಳಿಗೆ ದಿನಾ ಬೇರೆ ಪಾಠ ಬೇಕೇ ಬೇಕು. ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿಯೋ ಮಗುವಿಗೆ, ಸಾಲು ಹಾರಿಸೋ ಮಗುವಿಗೆ ಮೊದಲು ಕಣ್ಣಿನ ಪರೀಕ್ಷೆ ಆಗಬೇಕು.

ಇನ್ನು ಪ್ರಶ್ನೆಗಳು.

ಒಬ್ಬರು ಮೇಡಂ ಕೇಳಿದರು: ಊರಿನ ದಾನಿಗಳೊಬ್ಬರು ಅತಿ ಹೆಚ್ಚು ಪುಸ್ತಕ ಓದಿದ ಮಗುವಿಗೆ ಕಪ್ ಕೊಡುತ್ತೀನಿ ಅಂತಾರೆ, ಬೇಡ ಅನ್ನೋಕೆ ಆಗೋದಿಲ್ಲ, ಏನು ಮಾಡೋದು?

ಬೇಡ ಅನ್ನಬೇಡಿ. ಕಪ್ಪಿನ ದುಡ್ಡಿಗೆ ಎಷ್ಟು ಪುಸ್ತಕ ಬರುತ್ತದೋ ಅಷ್ಟು ತಂದುಕೊಡಿ ಅನ್ನಿ. ಒಳಗೆ ಅವರ ಹೆಸರು ಬರೆಯಿರಿ. ಕೊನೆಯ ದಿನ ಅವರನ್ನೇ ಕರೆಸಿ 30 ಮಕ್ಕಳಿಗೂ ಅವರ ಕೈಯಿಂದಲೇ ಚೀಟಿ ಕೊಡಿಸಿ. ಶಾಲಾ ಸಮಿತಿಯ, ಅಂದರೆ ಎಸ್‌ಡಿಎಂಸಿಯವರೂ ಇರಲಿ. ಒಂದು ಮಗುವಿನ ಜೊತೆ ಫೋಟೊ ಬರೋ ಬದಲು ಮೂವತ್ತು ಮಕ್ಕಳ ಜೊತೆ ಬರುತ್ತದೆ ಅಂದರೆ ಬೇಡ ಅನ್ನೋರು ಕಮ್ಮಿ.

ಇನ್ನೊಬ್ಬರು ಸರ್: ಚೆನ್ನಾಗಿ ಓದೋ ಮಕ್ಕಳಿಗೆ ಇದು ಅನ್ಯಾಯ ಅಲ್ವಾ? ಅವರ ಪೋಷಕರು ಕೇಳುತ್ತಾರೆ.

ಅವರಿಗೆ ಜಾಸ್ತಿ ಟಿಕ್ ಬೇಡ, ಜಾಸ್ತಿ ಪುಸ್ತಕ ಬೇಕು. ಶನಿವಾರ ಎರಡು ಪುಸ್ತಕ ಮನೆಗೆ ಕೊಟ್ಟು ಕಳಿಸಿ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ 'ಓದುವ ಬೆಳಕು' ಕಾರ್ಯಕ್ರಮದಡಿ 2020ರಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಿದ್ದಾರೆ, ಅಲ್ಲಿಗೆ ಸೇರಿಸೋಕೆ ಪೋಷಕರಿಗೇ ಹೇಳಿ. ಅವರ ಮಗು ಏನು ಓದುತ್ತಿದೆ ಅಂತ ಕಾರ್ಡು ತೆಗೆದು ತೋರಿಸಿ. ಪಕ್ಕದ ಮಗುವಿನ ಕಾರ್ಡು ತೋರಿಸಬೇಡಿ.

ಕೊನೆಯ ಪ್ರಶ್ನೆ: ನಾಲ್ಕು ವಾರ ಆದ ಮೇಲೆ ಇದರಿಂದ ಏನಾಯಿತು ಅಂತ ನಮಗೆ ಹೇಗೆ ಗೊತ್ತಾಗಬೇಕು?

ಐದನೇ ವಾರ ಕಾರ್ಡು ಇಲ್ಲ, ಟಿಕ್ ಇಲ್ಲ, ಏನೂ ಇಲ್ಲ. ಬುಟ್ಟಿಗಳನ್ನು ಇದ್ದ ಜಾಗದಲ್ಲೇ ಬಿಡಿ. 15 ನಿಮಿಷವೂ ಇರಲಿ, ಆದರೆ ಓದೋದಾದರೆ ಓದಿ, ಚಿತ್ರ ಬಿಡಿಸೋದಾದರೆ ಬಿಡಿಸಿ ಅಂತ ಹೇಳಿ. ಆ ನರ್ಸರಿ ಪ್ರಯೋಗದಲ್ಲಿ ಮಾಡಿದ್ದೂ ಇದನ್ನೇ. ಬುಟ್ಟಿಯ ಹತ್ತಿರ ಯಾರು ಹೋದರು ಅಂತ ನಿಮ್ಮ ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಳ್ಳಿ. ಪದದ ಹಂತದಲ್ಲಿದ್ದ ಏಳು ಮಕ್ಕಳಲ್ಲಿ ಮೂರ್ನಾಲ್ಕು ಜನ ತಾವಾಗಿ ಬಂದರೆ ಅದೇ ಬುಟ್ಟಿ, ಅದೇ ಕಾರ್ಡು ಇಟ್ಟುಕೊಂಡು ಮುಂದಿನ ಸುತ್ತು ಮಾಡಿ. ಕಥೆ ಹಂತದವರು ಮಾತ್ರ ಬಂದರೆ ಸುಲಭದ ಪುಸ್ತಕ ಸಾಲಲಿಲ್ಲ ಅಂತ ಮೊದಲು ಅನುಮಾನಪಡಿ, 45 ಇದ್ದದ್ದನ್ನು 60 ಮಾಡಿ. ಕಥೆ ಹಂತದವರೇ ಬರಲಿಲ್ಲ ಅಂದರೆ ಬಹುಮಾನದ ಕಡೆ ನೋಡಿ.

ವರ್ಷಕ್ಕೆ ಎರಡು ಸುತ್ತು ಸಾಕು. ಒಂದು ಜುಲೈನಲ್ಲಿ, ಇನ್ನೊಂದು ದಸರಾ ರಜೆ ಮುಗಿದ ಮೇಲೆ ನವೆಂಬರ್‌ನಲ್ಲಿ. ಫೆಬ್ರವರಿ, ಮಾರ್ಚ್‌ಗೆ ಇಟ್ಟುಕೊಳ್ಳಬೇಡಿ, ಪರೀಕ್ಷೆ ಹತ್ತಿರ ಬಂದಾಗ ಈ 15 ನಿಮಿಷವನ್ನೇ ಮೊದಲು ಕಿತ್ತುಕೊಳ್ಳುತ್ತಾರೆ.